ಹದಿನಾಲ್ಕನೇ ದೀಪ

ಮಾರ್ಚ್ 3, ಸೋಮವಾರ. ಬೆಳಿಗ್ಗೆ 11.10

ಬೆಳಿಗ್ಗೆಯಿಂದ ನಾಲ್ಕು ಜನ ಲಿಫ್ಟುಗಳಲ್ಲಿ ಸಿಕ್ಕಿಕೊಂಡಿದ್ದರು. ಒಬ್ಬ ಇಂಟರ್‌ವ್ಯೂಗೆ ಹೊರಟವನು. ಲಿಫ್ಟ್ ಒಳಗಿಂದಲೇ ಕೇಳಿದ — ತಡವಾಗಿದ್ದಕ್ಕೆ ಚೀಟಿ ಬರೆದುಕೊಡ್ತೀರಾ ಎಂದು. ಎಲ್ಲರೂ ಹೊರಬಂದರು. ಒಳ್ಳೆಯ ದಿನ.

ಸಮಾಧಾನಣ್ಣನ ಮೂರನೇ ವಾರದ ರಿವ್ಯೂ ಮುಗಿಸಿದೆ. ಆರು ವಾರಗಳ ಸುಧಾರಣಾ ಪ್ಲಾನ್, ವಾರಕ್ಕೊಂದು ಮೀಟಿಂಗು, ಪ್ರತಿ ಮೀಟಿಂಗಿಗೆ ಒಂದು ಫಾರಂ, ಕೊನೆಗೆ ಅವರದೊಂದು ಸಹಿ, ನನ್ನದೊಂದು. ಯಾರು ಕರೆ ಮಾಡಿದರೂ "ಸಮಾಧಾನ, ಸಮಾಧಾನ, ನಾನಿದೀನಿ" ಅನ್ನುವುದರಿಂದ ಆ ಹೆಸರು. ನಿಜವಾದ ಹೆಸರು ಫಾರಂ ತುಂಬುವಾಗ ಮಾತ್ರ ನೆನಪಾಗುತ್ತದೆ.

ಸಮಸ್ಯೆ ಒಂದೇ. ಲಿಫ್ಟಿನ ಕೆಂಪು ಗುಂಡಿ ಒತ್ತಿದರೆ ನಮ್ಮ ಸಹಾಯವಾಣಿಯ ಬೋರ್ಡಿನಲ್ಲಿ ಆ ಲಿಫ್ಟಿನ ನಂಬರಿನ ದೀಪ ಮಿನುಗುತ್ತದೆ. ಮೂವತ್ತು ಸೆಕೆಂಡಿನಲ್ಲಿ ಎತ್ತಬೇಕು. ಆ ಕಡೆ ಮಾತಿಲ್ಲದಿದ್ದರೆ — ಮಕ್ಕಳ ಚೇಷ್ಟೆ, ಯಾರದೋ ಬ್ಯಾಗು ತಾಗಿದ್ದು — ಮೂರು ಸಲ ಕೇಳಿ, "ಮೌನ" ಎಂದು ಬರೆದು ಇಟ್ಟುಬಿಡಬೇಕು. ಸಮಾಧಾನಣ್ಣ ಇಡುವುದಿಲ್ಲ. ಕಾಯುತ್ತಾರೆ. ಹತ್ತು ನಿಮಿಷ, ಇಪ್ಪತ್ತು, ಕಳೆದ ವಾರ ನಲವತ್ತೊಂದು.

"ಮಾತಾಡೋಕೆ ಆಗದೇ ಇರೋರೇ ನಿಜವಾಗ್ಲೂ ಕಷ್ಟದಲ್ಲಿರೋದು ಅಂತ ನೀವೇ ಹೇಳಿಕೊಟ್ಟಿದ್ದು, ಮೇಡಂ."

ಹೌದು, ನಾನೇ. ಹನ್ನೊಂದು ವರ್ಷದ ಹಿಂದೆ, ಟ್ರೈನಿಂಗಿನಲ್ಲಿ. ಆ ವರ್ಷ ಇವರು ಮೌನದ ಕರೆಯೊಂದನ್ನು ಇಡದೆ ಕೂತಿದ್ದರಿಂದ ಪಾರ್ಶ್ವವಾಯು ಹೊಡೆದು ಬಿದ್ದಿದ್ದ ಒಬ್ಬರು ಉಳಿದರು. ಗೋಡೆಗೆ ಇವರ ಫೋಟೋ ಹಾಕಿಸಿದವಳೂ ನಾನೇ. ಅದು ಇನ್ನೂ ಅಲ್ಲೇ ಇದೆ, ರಿವ್ಯೂ ರೂಮಿನ ಬಾಗಿಲ ಪಕ್ಕ.

ಮಾರ್ಚ್ 5, ಬುಧವಾರ

ಹೊಸ ತಲೆನೋವು. ಕಳೆದ ವಾರದ ಆ ನಲವತ್ತೊಂದು ನಿಮಿಷದ ಕರೆ — ಹದಿನಾಲ್ಕನೇ ನಂಬರಿನ ಲಿಫ್ಟಿನದಂತೆ. ಆ ಕಟ್ಟಡ ಮುಚ್ಚಿ ಎಂಟು ತಿಂಗಳು. ಕರೆಂಟಿಲ್ಲ, ಫೋನ್ ಲೈನ್ ಕತ್ತರಿಸಿದ್ದಾರೆ. ಕಂಪ್ಯೂಟರಿನಲ್ಲಿ ಆ ಕರೆಯ ಸುಳಿವೇ ಇಲ್ಲ. ಇವರು ಮಾತ್ರ ಕೈಯಲ್ಲಿ ಬರೆದಿದ್ದಾರೆ, ದುಂಡು ಅಕ್ಷರ: "ಹದಿನಾಲ್ಕು. ಮಾತಿಲ್ಲ. ಉಸಿರು ಇದೆ."

ಟೆಕ್ನಿಶಿಯನ್‌ನನ್ನೂ ಎರಡು ಸಲ ಓಡಿಸಿದ್ದಾರೆ. ಅವನು ನನ್ನ ಟೇಬಲ್ ಮುಂದೆ ನಿಂತು ಉರಿದುಬಿದ್ದ. "ಬೀಗ ಒಡೆಸಿ ನೋಡ್ದೆ. ಲಿಫ್ಟ್ ಕೆಳಗೇ ಇದೆ. ಒಳಗೆ ಧೂಳು. ನನ್ನ ಹೆಜ್ಜೆ ಬಿಟ್ರೆ ಇನ್ನೊಂದು ಹೆಜ್ಜೆ ಗುರುತು ಕೂಡ ಇಲ್ಲ. ಇನ್ನೊಂದ್ಸಲ ಕಳಿಸಿದ್ರೆ ನಾನು ಹೋಗಲ್ಲ."

ಮೇಲಿನವರಿಗೆ ತಿಳಿಸಲೇಬೇಕಾಯಿತು.

ಮಾರ್ಚ್ 12, ಬುಧವಾರ. ಮಧ್ಯಾಹ್ನ 4

ಬರೆಯಬಾರದು. ಆದರೆ ಬೇರೆಲ್ಲೂ ಬರೆಯುವ ಹಾಗಿಲ್ಲ.

ಮೂರು ಗಂಟೆಗೆ ಅವರ ಹಿಂದೆ ಹೋಗಿ ನಿಂತೆ. ಹೆಡ್‌ಸೆಟ್ ಹಾಕಿಕೊಂಡು ಮೆಲ್ಲಗೆ ಮಾತಾಡುತ್ತಿದ್ದರು, ಜ್ವರ ಬಂದ ಮಗುವಿನ ಹತ್ತಿರ ಮಾತಾಡುವ ಹಾಗೆ. "ಅವಸರ ಇಲ್ಲ... ನಾನೆಲ್ಲೂ ಹೋಗಲ್ಲ... ಸಮಾಧಾನ." ಬೋರ್ಡಿನಲ್ಲಿ ಹದಿನಾಲ್ಕರ ದೀಪ ಉರಿಯುತ್ತಿತ್ತು. ಮಂಕಾಗಿ, ಆದರೆ ಉರಿಯುತ್ತಿತ್ತು.

ತಿರುಗಿ ನೋಡಿ, ಹೆಡ್‌ಸೆಟ್ ತೆಗೆದು ನನ್ನ ಕೈಗಿಟ್ಟರು. ಕಿವಿಗಿಟ್ಟುಕೊಂಡೆ.

ಉಸಿರು. ಒಳಗೆ, ಹೊರಗೆ. ಗದ್ದಲವಲ್ಲ, ಲೈನಿನ ಗರಗರ ಅಲ್ಲ. ನಾನು ಉಸಿರು ಹಿಡಿದರೆ ಅದೂ ಹಿಡಿಯಿತು. ನಾನು ಬಿಟ್ಟ ಮೇಲೆ ಬಿಟ್ಟಿತು.

ಹೆಡ್‌ಸೆಟ್ ವಾಪಸ್ ಕೊಟ್ಟೆ. "ಏನೂ ಕೇಳ್ತಿಲ್ಲ ಅಣ್ಣ," ಅಂದೆ.

ಅವರ ಮುಖದಲ್ಲಿ ಸಿಟ್ಟಿರಲಿಲ್ಲ. ನನ್ನನ್ನು ನೋಡಿ ಪಾಪ ಅನ್ನಿಸಿದ ಹಾಗೆ ಇತ್ತು.

ನನಗೆ ಭಯವಾಯಿತು. ಇಬ್ಬರೂ ಹುಚ್ಚರು ಅನ್ನಿಸಿಕೊಳ್ಳುವುದಕ್ಕಿಂತ ಒಬ್ಬರು ಸಾಕು ಎಂದು ಆ ಕ್ಷಣಕ್ಕೇ ಲೆಕ್ಕ ಹಾಕಿದೆ. ನಾಚಿಕೆಗೇಡು. ಫಾರಂನಲ್ಲಿ ಒಂದು ಚೌಕವಿದೆ: "ಅಗತ್ಯ ಬೆಂಬಲ ಕೊಡಲಾಗಿದೆಯೇ?" ಹೌದು ಎಂದು ಟಿಕ್ ಹಾಕಿದೆ.

ಮಾರ್ಚ್ 17, ಸೋಮವಾರ

ಆಗಬಾರದ್ದು ಆಯಿತು.

ಆರನೇ ನಂಬರಿನ ಲಿಫ್ಟ್. ಎಪ್ಪತ್ತೆಂಟು ವರ್ಷದ ಅಜ್ಜಿ, ಒಬ್ಬರೇ. ಆರು ಸಮಾಧಾನಣ್ಣನ ಟೇಬಲ್ಲಿಗೆ ಬರುವ ಲಿಫ್ಟು. ಮಿಕ್ಕ ಇಬ್ಬರು ಆಪರೇಟರುಗಳೂ ಬೇರೆ ಕರೆಯಲ್ಲಿದ್ದರು. ನಾನು ಕೆಳಗಿನ ಮಹಡಿಯ ಮೀಟಿಂಗಿನಲ್ಲಿ. ಅಜ್ಜಿ ಹನ್ನೊಂದು ನಿಮಿಷ ಗುಂಡಿ ಒತ್ತುತ್ತಲೇ ಇದ್ದರು. ಇವರು ಹದಿನಾಲ್ಕನ್ನು ಹಿಡಿದುಕೊಂಡು ಕೂತಿದ್ದರು. ಬಾಗಿಲು ತೆಗೆದಾಗ ಅಜ್ಜಿಗೆ ಪ್ರಜ್ಞೆ ಇರಲಿಲ್ಲ. ಆಸ್ಪತ್ರೆಯಲ್ಲಿದ್ದಾರೆ, ಉಳಿಯುತ್ತಾರಂತೆ.

"ಆರು ಮಿನುಗ್ತಿದ್ದದ್ದು ಕಾಣ್ಲಿಲ್ವಾ ಅಣ್ಣ?"

"ಕಾಣ್ತು. ಇಡ್ತೀನಿ ಅಂದೆ ಮೇಡಂ, ಹದಿನಾಲ್ಕರವರಿಗೆ. ಆಗ ಅತ್ತ ಶಬ್ದ ಬಂತು. ಇಡೋಕೆ ಆಗ್ಲಿಲ್ಲ."

 

ಮಾರ್ಚ್ 18, ಮಂಗಳವಾರ

ಎಚ್.ಆರ್. ಮೇಡಂ ಜೊತೆ ಒಂದೂವರೆ ಗಂಟೆ. ಸಮಾಧಾನಣ್ಣನನ್ನು ಕೆಲಸದಿಂದ ತೆಗೆಯುವ ತೀರ್ಮಾನ ಆಯಿತು. ಇದೇ 27, ಗುರುವಾರ, ಬೆಳಿಗ್ಗೆ ಹತ್ತೂವರೆ. ಅಲ್ಲಿಯವರೆಗೆ ಅವರಿಗೆ ಬೋರ್ಡಿನ ಕೆಲಸವಿಲ್ಲ, ಹಳೆಯ ಫೈಲು ಜೋಡಿಸುವುದು. ಶುಕ್ರವಾರ ಯಾಕಲ್ಲ ಅಂದರೆ, ಶನಿವಾರ ಭಾನುವಾರ ಒಬ್ಬರೇ ಕೂತು ಕೊರಗಬಾರದಂತೆ. ಮಾರನೆಯ ದಿನ ಬೇರೆ ಕೆಲಸ ಕೇಳಿ ನಾಲ್ಕು ಜನಕ್ಕೆ ಫೋನ್ ಮಾಡುವ ಹಾಗಿರಬೇಕಂತೆ. ಇಷ್ಟು ಚೆನ್ನಾಗಿ ಯೋಚಿಸುವವರು ಇಂಥ ಕೆಲಸವನ್ನೇ ಮಾಡುತ್ತಿದ್ದಾರಲ್ಲ ಎಂದುಕೊಂಡೆ.

ಹೇಳಿಕೊಟ್ಟದ್ದು: ಮೊದಲ ಎರಡು ನಿಮಿಷದಲ್ಲೇ ವಿಷಯ ಹೇಳಿ. ಹವಾಮಾನ, ಕುಶಲ ವಿಚಾರಿಸಬೇಡಿ. "ತೀರ್ಮಾನ ಆಗಿದೆ" ಅನ್ನಿ, "ಅಂದುಕೊಂಡಿದ್ದೀವಿ" ಅನ್ನಬೇಡಿ, ಚೌಕಾಸಿಗೆ ದಾರಿಯಾಗುತ್ತದೆ. "ನಿಮ್ಮ ಕಷ್ಟ ನನಗೆ ಅರ್ಥವಾಗುತ್ತೆ" ಬೇಡವೇ ಬೇಡ. ಸುಮ್ಮನಾದರೆ ಸುಮ್ಮನಿರಲು ಬಿಡಿ, ಆ ಮೌನ ತುಂಬಲು ಹೋಗಬೇಡಿ. ಬಾಗಿಲ ಹತ್ತಿರದ ಕುರ್ಚಿ ಅವರಿಗೆ. ಟಿಶ್ಯೂ ಕೈಗೆಟುಕುವಲ್ಲಿ, ಕಣ್ಣಿಗೆ ಬೀಳದ ಹಾಗೆ. ಹತ್ತು ನಿಮಿಷ. ಮುಗಿದ ಮೇಲೆ ಮೊದಲು ಏಳುವವರು ನೀವು.

"ನಾನು ಸಾಕ್ಷಿಯಾಗಿ ಇರ್ತೀನಿ. ಮಾತು ನಿಮ್ಮದೇ," ಅಂದರು.

ಹದಿನಾಲ್ಕರ ಬಗ್ಗೆ ಪತ್ರದಲ್ಲಿ ಒಂದು ಸಾಲಿದೆ: "ಇಲ್ಲದ ಕರೆಗಳನ್ನು ದಾಖಲಿಸಿರುವುದು." ಇಲ್ಲದ ಎಂಬ ಪದದ ಮೇಲೆ ನನ್ನ ಪೆನ್ನು ನಿಂತಿತು. ಆಮೇಲೆ ಸಹಿ ಹಾಕಿತು. ಅಜ್ಜಿ ನಿಜ, ಆಸ್ಪತ್ರೆ ನಿಜ. ಅವರನ್ನು ತೆಗೆಯಲೇಬೇಕು, ಇದರಲ್ಲಿ ಎರಡು ಮಾತಿಲ್ಲ. ಆದರೆ ಆ ಸಾಲು ಸುಳ್ಳು. ಅದನ್ನು ಬಲ್ಲವಳು ನಾನೊಬ್ಬಳೇ.

ಮಾರ್ಚ್ 20, ಗುರುವಾರ

ರಜೆ ಅರ್ಜಿ ಹಿಡಿದು ಬಂದರು. ಏಪ್ರಿಲ್ ಒಂಬತ್ತು, ಹತ್ತು. ಮಗಳು ಬರುತ್ತಾಳಂತೆ, ಎರಡು ವರ್ಷದ ಮೇಲೆ. ಮನೆಗೆ ಸುಣ್ಣ ಹೊಡೆಸುತ್ತಿದ್ದಾರಂತೆ. ಯಾವ ಬಣ್ಣ ಎಂದು ಕೇಳಿದೆ. ಯಾಕೆ ಕೇಳಿದೆನೋ. ತಿಳಿಹಸಿರು.

ಏಪ್ರಿಲ್ ಒಂಬತ್ತಕ್ಕೆ ಅವರು ಇಲ್ಲಿರುವುದಿಲ್ಲ. ಗೊತ್ತು. ಆದರೂ ಸಹಿ ಹಾಕಿದೆ. ಹಾಕದಿದ್ದರೆ ಗೊತ್ತಾಗುತ್ತದೆ, ಹಾಕಿದರೆ ಮೋಸ. ಬಿಸಿ ತುಪ್ಪ ಬಾಯಲ್ಲಿಟ್ಟುಕೊಂಡ ಹಾಗಾಯಿತು, ಉಗುಳಲೂ ಆಗದು, ನುಂಗಲೂ ಆಗದು.

"ಥ್ಯಾಂಕ್ಸ್ ಮೇಡಂ. ನೀವು ಬೈಯಲ್ಲ ಅಂತ ಗೊತ್ತಿತ್ತು," ಅಂದರು.

ಮಾರ್ಚ್ 23, ಭಾನುವಾರ

ಕನ್ನಡಿಯ ಮುಂದೆ ಅಭ್ಯಾಸ. "ನಿಮ್ಮ ಕೆಲಸ ಇವತ್ತಿಗೆ ಮುಗಿಯುತ್ತದೆ." ಮೂರನೇ ಸಲ ಹೇಳುವಾಗ ನಮ್ಮ ಮನೆಯವರು ಬಾಗಿಲಲ್ಲಿ ನಿಂತಿದ್ದರು.

"ನನಗಾ?"

ನಕ್ಕೆವು. ಆಮೇಲೆ ನಾನು ಅತ್ತೆ. ಹೆಂಡತಿಯ ಅಳು ಕಂಡರೆ ಇವರಿಗೆ ಕೈಕಾಲು ಆಡುವುದಿಲ್ಲ, ಕಾಫಿ ಮಾಡಲು ಓಡಿದರು. ಉಪ್ಪು ಹಾಕಿಕೊಂಡು ಬಂದರು.

ಮಾರ್ಚ್ 27, ಗುರುವಾರ. ಮಧ್ಯಾಹ್ನ 12.15

ಆಯಿತು.

ಹತ್ತೂವರೆಗೆ ಕರೆದೆ. ತಮ್ಮ ಫೋಟೋ ದಾಟಿ ಒಳಗೆ ಬಂದು, ಎಚ್.ಆರ್. ಮೇಡಂ ಕೂತದ್ದು ನೋಡಿದ ಕೂಡಲೇ ತಿಳಿದುಕೊಂಡರು. ನಾನು ಎಲ್ಲವನ್ನೂ ಹೇಳಿಕೊಟ್ಟ ಹಾಗೇ ಹೇಳಿದೆ. ಒಂದು ನಿಮಿಷ ನಲವತ್ತು ಸೆಕೆಂಡು. ಅದೇ ಹೊತ್ತಿಗೆ ಪಕ್ಕದ ರೂಮಿನಲ್ಲಿ ಅವರ ಪಾಸ್‌ವರ್ಡ್ ತೆಗೆದರು. ಪತ್ರ ಕೊಟ್ಟೆ. ಓದಿದರು. "ಇಲ್ಲದ" ಇರುವ ಸಾಲಿನ ಮೇಲೆ ಬೆರಳಿಟ್ಟು ನನ್ನನ್ನು ನೋಡಿದರು. ಏನೂ ಅನ್ನಲಿಲ್ಲ.

ಆ ಮೌನ ತುಂಬಬಾರದು. ತುಂಬಲಿಲ್ಲ. ಅವರ ಉಸಿರು ಮಾತ್ರ ಕೇಳುತ್ತಿತ್ತು. ಒಳಗೆ, ಹೊರಗೆ. ನಾನು ಉಸಿರು ಹಿಡಿದೆ, ಅವರೂ ಹಿಡಿದರು.

ಆ ಉಸಿರು ನನಗೆ ಗೊತ್ತಿತ್ತು. ಹನ್ನೆರಡನೇ ತಾರೀಕು ಕಿವಿಗಿಟ್ಟುಕೊಂಡಾಗ ಕೇಳಿದ್ದು ಅದನ್ನೇ. ಅವತ್ತು ಅವರು ನನ್ನ ಪಕ್ಕದಲ್ಲೇ ಕೂತಿದ್ದರು, ಆದರೆ ಅವರ ಉಸಿರು ಲೈನಿನ ಅತ್ತ ಕಡೆಯಿಂದ ಬರುತ್ತಿತ್ತು.

ಹತ್ತು ನಿಮಿಷ ಆಯಿತು. ಎಚ್.ಆರ್. ಮೇಡಂ ಸನ್ನೆ ಮಾಡಿದರು. ಏಳಬೇಕು. ಕಾಲು ಏಳಲಿಲ್ಲ. ಕೊನೆಗೆ ಅವರೇ ಅಂದರು, ನನ್ನನ್ನು ಸಂತೈಸುವ ದನಿಯಲ್ಲಿ:

"ನೀವೇ ಮೊದಲು ಏಳಿ ಮೇಡಂ. ನನಗೆ ಅಭ್ಯಾಸ ಇಲ್ಲ."

ಎದ್ದೆ. ಹೆಡ್‌ಸೆಟ್, ಗುರುತಿನ ಚೀಟಿ ಟೇಬಲ್ ಮೇಲಿಟ್ಟರು. ಹೊರಗೆ ಹೋಗುವಾಗ, ಬಾಗಿಲ ಹತ್ತಿರ, "ಹದಿನಾಲ್ಕು ಬಂದ್ರೆ ಎತ್ತಿ, ಮೇಡಂ. ಅಷ್ಟೇ," ಅಂದರು.

ಮೂರು ಗಂಟೆಗೆ ಟೀಮಿಗೆ ಹೇಳಬೇಕು. ಕಾರಣ ಹೇಳಬಾರದು.

ಏಪ್ರಿಲ್ 2, ಬುಧವಾರ

ಹೊಸಬರು ಮುಂದಿನ ತಿಂಗಳು. ಅಲ್ಲಿಯವರೆಗೆ ಅವರ ಟೇಬಲ್ಲಿನಲ್ಲಿ ನಾನೇ. ಗೋಡೆಯ ಫೋಟೋ ಯಾರೋ ತೆಗೆದಿದ್ದಾರೆ. ಮೊಳೆ ಉಳಿದಿದೆ.

ಎರಡು ಸಲ ಅವರಿಗೆ ಫೋನ್ ಮಾಡಿದೆ. ರಿಂಗ್ ಆಗುತ್ತದೆ, ಎತ್ತುವುದಿಲ್ಲ. ಏನು ಹೇಳಬೇಕೆಂದು ನನಗೂ ಗೊತ್ತಿಲ್ಲ. ನಾನೂ ಕೇಳಿಸಿಕೊಂಡೆ ಅಣ್ಣ — ಇಷ್ಟೇ. ಮೂರು ವಾರ ತಡವಾಗಿ.

ಅಜ್ಜಿ ಮನೆಗೆ ಹೋದರಂತೆ. ಲಿಫ್ಟ್ ಬೇಡವೆಂದು ಮೆಟ್ಟಿಲು ಹತ್ತುವುದಕ್ಕೆ ಹಟ ಮಾಡುತ್ತಾರಂತೆ. ಮಗ ಮೆಟ್ಟಿಲು ಹತ್ತಲು ಬಿಡುವುದಿಲ್ಲ.

ಏಪ್ರಿಲ್ 9, ಬುಧವಾರ. ಮಧ್ಯಾಹ್ನ 1.35

ಅವರ ರಜೆಯ ದಿನ. ಗೋಡೆಯ ಕ್ಯಾಲೆಂಡರಿನಲ್ಲಿ ಇನ್ನೂ ನನ್ನ ಅಕ್ಷರದಲ್ಲಿದೆ. ಒಬ್ಬಳು ಊಟಕ್ಕೆ ಹೋಗಿದ್ದಾಳೆ, ಇನ್ನೊಬ್ಬಳಿಗೆ ಜ್ವರ. ರೂಮಿನಲ್ಲಿ ನಾನೊಬ್ಬಳೇ.

1.50

ಹದಿನಾಲ್ಕು.

1.52

ಎತ್ತಿದ್ದೇನೆ. ಮೂರು ಸಲ ಕೇಳಿದೆ. ಮಾತಿಲ್ಲ, ಉಸಿರು ಇದೆ. ಇಡಬೇಕು. ಈ ನಿಯಮಕ್ಕಾಗಿಯೇ ಒಬ್ಬರನ್ನು ಮನೆಗೆ ಕಳಿಸಿದವಳು ನಾನು.

2.10

ಇಟ್ಟಿಲ್ಲ. "ಸಮಾಧಾನ" ಅಂದೆ. ನನ್ನ ಬಾಯಲ್ಲಿ ಆ ಪದ ಯಾರದೋ ಚಪ್ಪಲಿ ಹಾಕಿಕೊಂಡ ಹಾಗಿದೆ. ನಾನೂ ಕೇಳಿಸಿಕೊಂಡಿದ್ದೆ, ಅವತ್ತು ಸುಳ್ಳು ಹೇಳಿದೆ ಅಂದೆ. ಉಸಿರು ನಿಂತಿತು. ಮತ್ತೆ ಶುರುವಾಯಿತು.

2.14

ಆರು ಮಿನುಗುತ್ತಿದೆ. ಅಜ್ಜಿಯ ಲಿಫ್ಟ್. ಹತ್ತು ಸೆಕೆಂಡು. ಇಡುತ್ತೇನೆ ಎಂದು ಹೇಳಿದೆ. ಕೈ ಗುಂಡಿಯ ಮೇಲಿದೆ. ಹದಿನೆಂಟು. ಅತ್ತ ಶಬ್ದ. ಇಪ್ಪತ್ತೈದು. ಮಾತು. ಸಮಾಧಾನಣ್ಣನದೇ ದನಿ —

"ನೀವೇ ಮೊದಲು ಇಡಿ, ಮೇಡಂ. ನನಗೆ ಅಭ್ಯಾಸ ಇಲ್ಲ."