ಕುಣಿ ಮುಚ್ಚುವ ಮಣ್ಣು

ಇಳಕಲ್,
ತಾ. ೧೩ ಮೇ ೧೯೫೪, ಗುರುವಾರ

ಬನಶಂಕರಿಯ ಅಪ್ಪನವರಿಗೆ ನಿಮ್ಮ ಗುರುಲಿಂಗವ್ವ ಮಾಡುವ ಶರಣು ಶರಣಾರ್ಥಿ.

ಕೆಮ್ಮು ಹೇಗಿದೆ? ಹೋದ ಕಾಗದದಲ್ಲಿ "ಕೆಮ್ಮು ಐತಿ, ಅಂಥಾದ್ದೇನಿಲ್ಲ" ಎಂದು ಬರೆದಿದ್ದೀರಿ. ನಿಮ್ಮ "ಅಂಥಾದ್ದೇನಿಲ್ಲ" ನನಗೆ ಗೊತ್ತಿಲ್ಲವೇ? ಬೆರಳಿಗೆ ಲಾಳಿ ಬಡಿದು ಉಗುರು ಕಿತ್ತು ಬಂದಾಗಲೂ ಅದನ್ನೇ ಅಂದವರು ನೀವು. ಗಿರಣಿಯ ಅರಳೆ ಧೂಳು ಎದೆಗೆ ಒಳ್ಳೆಯದಲ್ಲ, ಕೆಲಸ ಮಾಡುವಾಗ ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ. ಆ ಸೊಲ್ಲಾಪುರದ ಕೋಣೆಯಲ್ಲಿ ಮೂವರಲ್ಲಿ ಅಡಿಗೆ ಯಾರು ಮಾಡುತ್ತೀರಿ, ರೊಟ್ಟಿಯೋ ಅನ್ನವೋ, ಅದನ್ನೂ ಬರೆಯುವುದಿಲ್ಲ. ನಾವಿಬ್ಬರೂ ಕ್ಷೇಮ. ಬನಶಂಕರಿ ಸಾಲಿಯಲ್ಲಿ ಪಾಸಾಗಿದ್ದಾಳೆ. ಮುಂದಿನ ಹಲ್ಲು ಬಿದ್ದಿದೆ, ಅದಕ್ಕೆ ನಗುವುದನ್ನೇ ಬಿಟ್ಟಿದ್ದಾಳೆ. ಅಪ್ಪ ಬರುವುದರೊಳಗೆ ಹೊಸ ಹಲ್ಲು ಬರುತ್ತದೆಯೇ ಎಂದು ದಿನಾ ಕೇಳುತ್ತಾಳೆ. ಅವಳಿಗೆ ಏನು ಹೇಳಲಿ, ನೀವು ಬರುವ ಮಾತನ್ನೇ ಬರೆದಿಲ್ಲ. ನಮ್ಮನ್ನೇ ಅಲ್ಲಿಗೆ ಬರಲು ಬರೆದಿದ್ದೀರಿ.

ನೀವು ಹೇಳಿದ್ದನ್ನು ಮಾಡಲು ಹೊರಟೆ, ಇಲ್ಲ ಅನ್ನುವುದಿಲ್ಲ. "ಮಗ್ಗ ಮಾರು, ಕುಣಿ ಮುಚ್ಚಿಸು, ಮನಿ ಕರಾರು ತೀರಿದ ದಿನಾನ ಕೀಲಿ ಕೊಟ್ಟು ಗಾಡಿ ಹತ್ತು." ಆ ಸಾಲನ್ನು ಎಷ್ಟು ಸಲ ಓದಿದೆನೋ, ಕಾಗದ ಮಡಿಕೆಯಲ್ಲಿ ಹರಿದುಹೋಗಿದೆ. ನೂಲು ಕೊಡುವ ಸಾಹುಕಾರನ ಮೇಲಿನ ಸಿಟ್ಟಿಗೆ ನೀವು ದೀಪಾವಳಿ ಮುಗಿದ ಮರುದಿನವೇ ಹೋದಿರಿ. ಸಿಟ್ಟು ಅವನ ಮೇಲೆ, ಮುಚ್ಚಬೇಕಾದದ್ದು ನಮ್ಮ ಮಗ್ಗದ ಕುಣಿ. ಇರಲಿ. ಪಕ್ಕದ ಮನೆಯ ಕಾಶಪ್ಪ ಮಗ್ಗ ತೆಗೆದುಕೊಳ್ಳುತ್ತೇನೆ ಎಂದು ಎರಡು ಸಲ ಬಂದು ನೋಡಿ ಹೋದ. ಗಾಡಿಯ ಮಲಕಪ್ಪನಿಗೆ ಒಂದು ಗಾಡಿ ಮಣ್ಣು ತಾ ಎಂದು ಹೇಳಿದೆ. ಯಾವ ಮಣ್ಣು, ಯಾತಕ್ಕೆ ಎಂದು ಅವನು ಕೇಳಲಿಲ್ಲ, ನನಗೂ ಹೇಳಲು ನಾಲಿಗೆ ಏಳಲಿಲ್ಲ. ಅವನು ಪ್ರತಿ ಬೇಸಿಗೆಯ ರೂಢಿಯಂತೆ ಮಳೆ ಸೋರದಿರಲು ಮಾಳಿಗೆಯ ಮೇಲೆ ಹಾಸುವ ಸವಳು ಮಣ್ಣನ್ನೇ ತಂದು ಬಾಗಿಲ ಮುಂದೆ ಸುರಿದು ಹೋದ. ಕುಣಿಗೆ ಯಾವ ಮಣ್ಣಾದರೇನು ಎಂದು ಸುಮ್ಮನಾದೆ. ನಾಳೆ ತುಂಬಿಸಿದರಾಯಿತು ಎಂದು ನಾಲ್ಕು ದಿನ ದೂಡಿದೆ. ನೀವು ಕಾಲು ಇಳಿಬಿಟ್ಟು ಕೂರುತ್ತಿದ್ದ ಆ ಕುಣಿಯ ಅಂಚು ನುಣ್ಣಗೆ ಸವೆದಿದೆ, ಬನಶಂಕರಿ ಈಗ ಅಲ್ಲೇ ಕುಳಿತು ಲೆಕ್ಕ ಬರೆಯುತ್ತಾಳೆ. ಅವಳನ್ನು ಏಳು ಎಂದು ಹೇಗೆ ಎಬ್ಬಿಸಲಿ?

ಅಷ್ಟರಲ್ಲಿ ನಿನ್ನೆ ಮಧ್ಯಾಹ್ನ ಕೃಷ್ಣಾಜಿರಾಯರು ಬಾಗಲಕೋಟೆಯಿಂದ ಬಂದರು. ಮನೆಯ ಒಡೆಯರು ಕರಾರಿನ ಹೊತ್ತಿಗೆ ಬರುವುದು ಹೊಸದಲ್ಲ. ಆದರೆ ಈ ಸಲ ಅವರನ್ನು ಕಂಡ ಕೂಡಲೇ ನಾನು ಹೆದರಿದೆ. ಎರಡು ಕಾರಣಕ್ಕೆ. ಓಣಿಯಲ್ಲಿ ಎಲ್ಲರ ಬಾಡಿಗೆ ಏರಿದೆ. ನಮ್ಮದರಷ್ಟೇ ಇರುವ ಮನೆಗೆ ಕಾಶಪ್ಪ ತಿಂಗಳಿಗೆ ಹದಿಮೂರು ರೂಪಾಯಿ ಕೊಡುತ್ತಾನೆ, ನಾವು ಇನ್ನೂ ಒಂಬತ್ತರಲ್ಲೇ ಇದ್ದೇವೆ. ಇನ್ನೊಂದು, ಮನೆ ಬಿಡುವ ಮಾತನ್ನು ನಾನು ಅವರಿಗೆ ತಿಳಿಸಿರಲಿಲ್ಲ. ರಾಯರು ಒಳಗೆ ಬರಲಿಲ್ಲ. ಬಾಗಿಲಲ್ಲಿದ್ದ ಮಣ್ಣಿನ ಗುಂಪಿಯ ಮುಂದೆ ನಿಂತು, ಒಂದು ಹಿಡಿ ಎತ್ತಿ ತಿಕ್ಕಿ ನೋಡಿ, "ಗಂಡ ಊರಾಗಿಲ್ಲ, ಆದ್ರೂ ಮಳಿಗಿಂತ ಮೊದಲ ಮಣ್ಣ ತರಿಸೀಯಲ್ಲ ತಂಗಿ" ಎಂದರು. ನಾನು ಏನು ಹೇಳಬೇಕಿತ್ತು? ತಲೆ ಮೇಲೆ ಸೆರಗು ಎಳೆದುಕೊಂಡು ನೀರು ತರಲು ಒಳಗೆ ಹೋದೆ. ಅದೇ ನಾನು ಮಾಡಿದ ತಪ್ಪು.

ಆಮೇಲೆ ಏಣಿ ಕೇಳಿ ಮಾಳಿಗೆ ಹತ್ತಿದರು. ಈ ವಯಸ್ಸಿನಲ್ಲಿ! ಕೆಳಗೆ ನಾನು ಏಣಿ ಬಿಗಿಯಾಗಿ ಹಿಡಿದು ನಿಂತಿದ್ದೆ. ಮೇಲೆ ಒಂದು ಕಡ್ಡಿ ಹುಲ್ಲು ಬೆಳೆದಿಲ್ಲ, ನೀರು ಇಳಿಯುವ ದೋಣಿ ಚೊಕ್ಕವಾಗಿದೆ, ಬೆಳಕಿಂಡಿಯ ಸುತ್ತ ಗಚ್ಚು ಬಿಟ್ಟಿಲ್ಲ ಎಂದು ಅಲ್ಲಿಂದಲೇ ಕೂಗಿ ಹೇಳುತ್ತಿದ್ದರು. ಒಳಗೆ ಬಂದು ತೊಲೆಗಳನ್ನು ಬೆರಳ ಗಣ್ಣಿನಿಂದ ಬಡಿದು ನೋಡಿದರು, ಗೆದ್ದಲಿಲ್ಲ. ಕೊನೆಗೆ ಕುಣಿಯ ಹತ್ತಿರ ಕುಳಿತು ಒಳಗೆ ಕೈ ಹಾಕಿ ತೇವವಿದೆಯೇ ಎಂದು ಮುಟ್ಟಿದರು. ಬಾಗಲಕೋಟೆಯ ಅವರ ಇನ್ನೊಂದು ಮನೆಯ ಕಥೆಯನ್ನು ಆಗ ಹೇಳಿದರು. ಹದಿನೈದು ರೂಪಾಯಿಗೆ ಯಾರಿಗೋ ಕೊಟ್ಟಿದ್ದರಂತೆ. ಎರಡು ಮಳೆಗಾಲ ಮಾಳಿಗೆಯತ್ತ ನೋಡದೆ, ಗೋಡೆ ಕುಸಿದ ಮೇಲೆ ಆ ಬಾಡಿಗೆಯವರು ಮನೆ ಬಿಟ್ಟು ಹೋದರು. ಎರಡು ವರ್ಷದ ಬಾಡಿಗೆ ಒಂದು ಗೋಡೆಗೂ ಸಾಲಲಿಲ್ಲ. "ಬಾಡಿಗಿ ಹೆಚ್ಚ ಕೊಡೋರು ಸಿಗತಾರ. ಮಾಳಗಿ ಹತ್ತೋರು ಸಿಗೂದಿಲ್ಲ. ಹನ್ನೊಂದು ವರ್ಷ ಈ ಮನಿ ನಿಮ್ಮದ ಅನ್ನೋಹಂಗ ನೋಡಿಕೊಂಡೀರಿ. ಇನ್ನ ಮೂರು ವರ್ಷ ಬಾಡಿಗಿ ಒಂಬತ್ತ ಇರಲಿ, ಒಂದು ಆಣೆ ಏರಸೂದಿಲ್ಲ" ಎಂದರು.

ಬಾಡಿಗೆ ಏರಿಸುವವರೊಡನೆ ಜಗಳವಾಡಲು ನನಗೆ ಬರುತ್ತದೆ, ಏರಿಸುವುದಿಲ್ಲ ಎಂದವರೊಡನೆ ಹೇಗೆ ಮಾತನಾಡಬೇಕು ಎಂದು ತಿಳಿಯಲಿಲ್ಲ. ಇದರಲ್ಲಿ ಏನೋ ಇರಬೇಕು ಎಂದು ಮನಸ್ಸು ಎಳೆಯತೊಡಗಿತು. ನೀವಿದ್ದರೆ ಕೇಳುತ್ತಿದ್ದುದನ್ನೆಲ್ಲ ನಾನೇ ಕೇಳಿದೆ, ನಗಬೇಡಿ. ಮುನಸಿಪಾಲ್ಟಿಯವರು ಮನೆಪಟ್ಟಿ ಏರಿಸಿದರೆ? ಅದು ತಮ್ಮದು ಎಂದರು. ವರ್ಷಕ್ಕೊಮ್ಮೆ ಮಾಳಿಗೆಯ ಮಣ್ಣು, ಸುಣ್ಣ ನಮ್ಮದು. ತೊಲೆ, ಗೋಡೆ, ಬಾಗಿಲು ಅವರದು. ಬೇರೆಯವರಿಗೆ ಒಳಬಾಡಿಗೆ ಕೊಡಕೂಡದು. ಮೂರು ವರ್ಷದ ಒಳಗೆ ಅವರು ಬಿಡಿ ಎನ್ನುವಂತಿಲ್ಲ, ಮೂರು ತಿಂಗಳ ಬಾಡಿಗೆ ಬಾಕಿಯಾದರೆ ಮಾತ್ರ ಬೇರೆ ಮಾತು. ನಡುವೆ ನಮಗೇ ಹೋಗಬೇಕಾದರೆ? ಎಂದೂ ಕೇಳಿದೆ. ಒಂದು ತಿಂಗಳು ಮೊದಲು ಬರೆದು ತಿಳಿಸಿದರೆ ಸಾಕು ಎಂದರು.

ಆದರೆ ತೊಡಕು ಇರುವುದು ಕಾಗದದಲ್ಲಿ. ನಾವು ಇಷ್ಟು ವರ್ಷ ಮಾಡುತ್ತ ಬಂದದ್ದು ಹನ್ನೊಂದು ತಿಂಗಳ ಕರಾರು. ಅದನ್ನು ಇಲ್ಲೇ ಕಟ್ಟೆಯ ಮೇಲೆ ಕುಳಿತು ಬರೆದು ಸಹಿ ಮಾಡಿದರೆ ಮುಗಿಯಿತು. ಮೂರು ವರ್ಷದ ಮಾತನ್ನು ಹಾಗೆ ಬರೆದರೆ ಅದು ನಿಲ್ಲುವುದಿಲ್ಲ, ವರ್ಷ ದಾಟುವ ಕರಾರು ಹುನಗುಂದದ ಕಚೇರಿಯಲ್ಲಿ ರಜಿಸ್ಟರ್ ಆಗಲೇಬೇಕಂತೆ. ರಾಯರು ಕೋರ್ಟಿನಲ್ಲಿ ಕಾರಕೂನರಾಗಿದ್ದವರು, ಬಾಯಿಮಾತಿನ ಮೇಲೆ ಅವರಿಗೇ ನಂಬಿಕೆಯಿಲ್ಲ. ಅವರ ಅಣ್ಣನ ಮಗ ಪಂಢರೀನಾಥ ಈ ಮನೆಗೆ ಹದಿನಾಲ್ಕು ಬರುತ್ತದೆ ಎಂದು ಈಗಲೇ ಜಗಳ ತೆಗೆದಿದ್ದಾನೆ. "ನಾಳೆ ನಾ ಸತ್ತರೂ, ಈ ಮನಿ ಮಾರಿದರೂ, ರಜಿಸ್ಟರ್ ಆದದ್ದನ್ನ ಅವ ಮುರೀಲಿಕ್ಕೆ ಆಗೂದಿಲ್ಲ" ಎಂದರು. ಕಚೇರಿಯಲ್ಲಿ ಸಹಿ ಮಾಡುವವರು ಖುದ್ದು ನಿಲ್ಲಬೇಕು. ಕರಾರು ನಿಮ್ಮ ಹೆಸರಿನದು, ನೀವು ಬರಬೇಕು, ಇಲ್ಲವೇ ನಿಮ್ಮ ಪರವಾಗಿ ಸಹಿ ಮಾಡಲು ನನ್ನ ಹೆಸರಿಗೆ ಮುಖತ್ಯಾರಪತ್ರ ಕಳಿಸಬೇಕು. ರಾಯರು ಇಲ್ಲೇ ತಮ್ಮ ತಂಗಿ ಅನಸೂಯಾಬಾಯಿಯವರ ಮನೆಯಲ್ಲಿ ಸೋಮವಾರದವರೆಗೆ ಇರುತ್ತಾರೆ. ಈ ಕಾಗದ ನಿಮಗೆ ಮುಟ್ಟಿ ಉತ್ತರ ಬರುವುದರೊಳಗೆ ಅವರು ಬಾಗಲಕೋಟೆಯಲ್ಲಿರುತ್ತಾರೆ. ಹಳೆಯ ಕರಾರು ಈ ತಿಂಗಳ ಕೊನೆಗೆ ತೀರುತ್ತದೆ.

ನಿನ್ನೆಯಿಂದ ನಾನು ಒಂದು ಕಡೆ ಕೂತಿಲ್ಲ. ಕಂಡಿಕೆಗೆ ನೂಲು ಸುತ್ತಲು ಕೂತರೆ ಎಳೆ ಹರಿಯುತ್ತದೆ, ಒಲೆ ಮುಂದೆ ಕೂತರೆ ರೊಟ್ಟಿ ಹೊತ್ತುತ್ತದೆ. ಹೊರಗೆ ಬಂದರೆ ಆ ಮಣ್ಣಿನ ಗುಂಪಿ. ರಾಯರು ಮೆಚ್ಚಿದ್ದು ನಾವು ಹನ್ನೊಂದು ವರ್ಷ ಮಾಡಿದ ಕೆಲಸವನ್ನು, ಅದು ಖರೆ. ಆದರೆ ಅವರ ಬಾಯಿಂದ ಆ ಮಾತು ಹೊರಡಿಸಿದ್ದು ಈ ಮಣ್ಣು. ಇದನ್ನು ನಾನು ತರಿಸಿದ್ದು ಅವರ ಮನೆ ಬಿಟ್ಟು ಹೋಗಲು. ಇದನ್ನು ನೆನೆದರೆ ನನ್ನ ಮೇಲೇ ಸಿಟ್ಟು. ನಿಮ್ಮ ಮೇಲೂ ಸಿಟ್ಟು ಬರುತ್ತದೆ. ಮೂವರು ಗಂಡಸರು ಮಲಗುವ ಕೋಣೆಗೆ ನಾನು ಮಗಳನ್ನು ಕರೆದುಕೊಂಡು ಬಂದು ಎಲ್ಲಿ ಮಲಗಲಿ? ಬೇರೆ ಕೋಣೆ ನೋಡಿದ್ದೀರೋ ಇಲ್ಲವೋ, ಅದನ್ನೂ ಬರೆದಿಲ್ಲ. ಬಂದು ಬಿಡಿ ಎನ್ನಲೂ ಹೆದರಿಕೆ, ಬರುತ್ತೇನೆ ಎನ್ನಲೂ ಹೆದರಿಕೆ. ಹೇಗೆ ಮಾಡಲಿ, ನೀವೇ ತಿಳಿಸಿ.

ರಾತ್ರಿ ತಣ್ಣೀರು ಕುಡಿಯಬೇಡಿ. ಬಸವಣ್ಣ ನಿಮ್ಮನ್ನು ಚೆನ್ನಾಗಿಟ್ಟಿರಲಿ. ಬನಶಂಕರಿ ಬಾಯಿ ಮುಚ್ಚಿಕೊಂಡೇ ನಿಮಗೆ ಶರಣು ಹೇಳಿದ್ದಾಳೆ.

ನಿಮ್ಮ,
ಗುರುಲಿಂಗವ್ವ

ತಾ.ಕ. — ಸೋಮವಾರ ಸಂಜೆ. ಟಪಾಲಿನವರು ಪೆಟ್ಟಿಗೆ ತೆರೆಯುವುದರೊಳಗೆ ಬರೆಯಬೇಕು. ಈ ಕಾಗದವನ್ನು ನಾಲ್ಕು ದಿನ ಹಾಕಲಿಲ್ಲ, ಕೈ ಬರಲಿಲ್ಲ. ಇವತ್ತು ಬೆಳಗಿನ ಬಸ್ಸಿಗೆ ರಾಯರು, ಅನಸೂಯಾಬಾಯಿ, ಕಾಶಪ್ಪ ಮತ್ತು ನಾನು ಹುನಗುಂದಕ್ಕೆ ಹೋಗಿ ಬಂದೆವು. ಹೊರಡುವ ಮುಂಚೆ ಅನಸೂಯಾಬಾಯಿಯವರ ಪಡಸಾಲೆಯಲ್ಲೇ ರಾಯರಿಗೆ ಎಲ್ಲ ಹೇಳಿಬಿಟ್ಟೆ. "ಆ ಮಣ್ಣು ಮಾಳಗಿಗೆ ಅಲ್ಲರೀ ರಾಯರ. ಕುಣಿ ಮುಚ್ಚಿ ಮನಿ ಬಿಡಾಕ ತರಿಸಿದ್ದೆ" ಎಂದೆ. ಅವರು, "ಹನ್ನೊಂದು ಬ್ಯಾಸಗಿ ಮಣ್ಣ ಎಲ್ಲಿ ಹಾಕೀಯವಾ?" ಎಂದು ಕೇಳಿದರು. ಮಾಳಿಗೆಗೆ ಎಂದೆ. "ಅದಕ್ಕ ನಾ ಬಾಡಿಗಿ ಏರಸದ ಬಿಟ್ಟಿದ್ದು. ಈ ಗಾಡಿ ಎಲ್ಲಿ ಹಾಕತಿ ನೀನ ಹೇಳು" ಎಂದರು.

ಹಳೆಯ ಕರಾರು ತಾನಾಗಿಯೇ ತೀರುವುದರಿಂದ ಹೊಸದು ಯಾರ ಹೆಸರಿಗಾದರೂ ಆಗಬಹುದಂತೆ, ಮುಖತ್ಯಾರಪತ್ರ ಬೇಡವಂತೆ. ನನ್ನ ಹೆಸರಿಗೇ ಆಯಿತು. ಕಾಶಪ್ಪ ನನ್ನ ಗುರುತು ಹೇಳಿದ. ನಾಲ್ಕನೇ ಇಯತ್ತೆ ಓದಿದ ಅಕ್ಷರದಲ್ಲಿ ಸಹಿ ಮಾಡಿದೆ. ಸಹಿ ಮಾಡಿದರೂ ಹೆಬ್ಬೆಟ್ಟು ಬಿಡಲಿಲ್ಲ, ಎರಡೂ ಆಯಿತು, ಮಸಿ ಇನ್ನೂ ಹೋಗಿಲ್ಲ. ಮಗ್ಗದ ಕುಣಿ ಇರುವ ಹಾಗೇ ಇರಬಹುದು ಎಂದು ಒಂದು ಸಾಲು ಹಾಕಿಸಿದ್ದೇನೆ. ಮಗ್ಗ ಕೊಡುವುದಿಲ್ಲ ಎಂದು ಬಸ್ಸಿನಲ್ಲೇ ಕಾಶಪ್ಪನಿಗೆ ಹೇಳಿದೆ. ನೀವು ಸಿಟ್ಟಾದರೆ ಆಗಿ, ಆದರೆ ಇಲ್ಲಿಗೆ ಬಂದು ಸಿಟ್ಟಾಗಿ. ಬೇರೆ ಸಾಹುಕಾರರೂ ನೂಲು ಕೊಡುತ್ತಾರೆ.

ಮಲಕಪ್ಪ ಈಗ ಮಾಳಿಗೆಯ ಮೇಲಿದ್ದಾನೆ, ಬುಟ್ಟಿ ಕೊಡಲು ಕೂಗುತ್ತಿದ್ದಾನೆ. ಆ ಮಣ್ಣಿನಲ್ಲಿ ಒಂದು ಬುಟ್ಟಿಯೂ ಉಳಿಯುವುದಿಲ್ಲ, ಕುಣಿ ಮುಚ್ಚಲು ನಮ್ಮ ಹತ್ತಿರ ಇನ್ನು ಮಣ್ಣಿಲ್ಲ. ಮಳೆ ಹಿಡಿಯುವುದರೊಳಗೆ ಬನ್ನಿ.