ಸಾವಂತ್ರವ್ವ ಹಂಗ ಮಾಡಾಕಿ ಅಲ್ಲ

ಗದಗ,
೯ ಡಿಸೆಂಬರ್ ೧೯೫೬, ಭಾನುವಾರ

ಪ್ರೀತಿಯ ಅನಂತಾ,

ಹೇಗಿದ್ದೀ? ಮುಂಬೈಯ ಹವೆಗೆ ನಿನ್ನ ಉಬ್ಬಸ ಹೆಚ್ಚಾಗಿಲ್ಲವಷ್ಟೆ? ರಾತ್ರಿ ಮಲಗುವಾಗ ಎದೆಗೆ ಎಣ್ಣೆ ಹಚ್ಚಿಕೋ, ಮಜ್ಜಿಗೆ ಮುಟ್ಟಬೇಡ. ಅಲ್ಲಿ ಜೋಳದ ರೊಟ್ಟಿ ಸಿಗುತ್ತದೋ ಇಲ್ಲವೋ. ನೀನು ಅಲ್ಲಿ ಛಾಪಖಾನೆಯೊಂದರಲ್ಲಿ ಅಕ್ಷರ ಜೋಡಿಸುತ್ತಿದ್ದೀ ಎಂದು, ನಿನಗೆ ಅಲ್ಲಿ ಇರಲು ಜಾಗ ಕೊಟ್ಟ ಗೋಪಾಲ ಕಾರ್ಡು ಹಾಕಿದ್ದಾನೆ. ನೀನಾಗಿ ಒಂದು ಸಾಲೂ ಬರೆಯಲಿಲ್ಲ. ನಿನ್ನೆ ಮೊನ್ನೆಯವರೆಗೆ ನಮ್ಮ ರಾಜಧಾನಿಯಾಗಿದ್ದ ಊರು ಈಗ ಪರರಾಜ್ಯ. ಕರ್ನಾಟಕ ಒಂದಾದ ರಾತ್ರಿಯೇ ನೀನು ಅಕ್ಕನನ್ನು ಬಿಟ್ಟು ಆ ಕಡೆ ಓಡಿಹೋದೆ. ಏಕೀಕರಣಕ್ಕೆಂದು ಲಾಠಿ ತಿಂದ ನನಗೆ ಇದಕ್ಕೆ ನಗಬೇಕೋ ಅಳಬೇಕೋ ತಿಳಿಯುವುದಿಲ್ಲ.

ನಾನು ಚೆನ್ನಾಗಿದ್ದೇನೆ. ಶಾಲೆ ನಡೆದಿದೆ. ಹುಡುಗಿಯರು ಬರುತ್ತಾರೆ. ಸಂಜೆ ಒಂದೇ ತಾಟು ತೊಳೆಯುತ್ತೇನೆ, ಅದಕ್ಕೇನು ಮಹಾ ಹೊತ್ತು ಬೇಕು? ಆಮೇಲೆ ಕೂತಿರುತ್ತೇನೆ. ಶನಿವಾರ ಬಂದರೆ ಮಾತ್ರ ಕಷ್ಟ. ಎರಡು ವರ್ಷ ಶನಿವಾರವೆಂದರೆ ನಿನ್ನ ನಾಟಕ, ಅದು ಮುಗಿದ ಮೇಲೆ ನಮ್ಮಿಬ್ಬರ ಜಗಳ. ಈಗ ಜಗಳಕ್ಕೂ ಯಾರಿಲ್ಲ. ಗೋಡೆಯ ಸಂಗಡ ಜಗಳವಾಡಿದರೆ ಬಾಡಿಗೆ ಮನೆಯವರು ಹುಚ್ಚಿ ಅಂದಾರು.

ಈಗ ಖಬರು. ಲಕ್ಷ್ಮೇಶ್ವರದಿಂದ ನನ್ನ ಭಾವ ಮಾರ್ತಾಂಡರಾಯರು ಬಂದಿದ್ದರು. ಗಂಡ ಸತ್ತ ಮೇಲೆ ನಾನು ಆ ಮನೆಯ ಕತ್ತಲೆಕೋಣೆಯಿಂದ ಎದ್ದುಬಂದಾಗಿನಿಂದ ಈ ಮನುಷ್ಯ ನನ್ನ ಹೆಸರೆತ್ತಿರಲಿಲ್ಲ. ಈ ಸಲ ಹೆಂಡತಿ ವಿಮಲಾಬಾಯಿಯನ್ನೂ ಕರೆತಂದಿದ್ದರು. ಆಕೆ ಉಡಿಯಲ್ಲಿ ಬಾಳೆಹಣ್ಣು ಇಟ್ಟುಕೊಂಡು ನನ್ನ ಮುಖ ನೋಡದೆ ಕೂತಿದ್ದಳು. ‘ಮನೀಗೆ ಬರ್ರಿ, ಆದದ್ದಾತು. ಹಿರಿಯರ ಮುಂದ ಒಂದು ಮಾತು ತಪ್ಪಾತು ಅಂದುಬಿಟ್ರ ಮುಗೀತು’ ಅಂದರು ರಾಯರು. ಯಾಕೆ ಈ ಪ್ರೀತಿ ಅಂದೆಯಾ? ಈ ವರ್ಷದ ಹೊಸ ಕಾಯ್ದೆ ವಿಧವೆಯ ಪಾಲನ್ನು ಪೂರ್ತಿ ಅವಳದೇ ಮಾಡಿದೆ. ನಾನು ಮನೆಯೊಳಗೆ ಹೋಗಿ ತಲೆ ತಗ್ಗಿಸಿದರೆ ನನ್ನ ಸಹಿ ತಾನಾಗಿಯೇ ಬರುತ್ತದೆಂದು ಲೆಕ್ಕ. ಅದೆಲ್ಲ ಇರಲಿ, ನನಗೆ ಹೊಸತಲ್ಲ. ಆದರೆ ನಾನು ಆಗದು ಅಂದಾಗ ರಾಯರು ಏನಂದರು ಗೊತ್ತೇ? ನಕ್ಕರು. ‘ಅಲ್ಲ ಜಾನಕೀಬಾಯಿ, ನಿಮ್ಮ ತಮ್ಮನ ನಾಟಕದಾಗ ಬರದಾನಲ್ಲ! ಸಾವಂತ್ರವ್ವ ಭಾವನ ಮನೀಗೆ ಹೋಗಿ ಕಾಲಿಗೆ ಬಿದ್ಲು. ಗದಗಿನ ಮಂದಿ ಎದ್ದು ನಿಂತು ಚಪ್ಪಾಳಿ ಹೊಡದರು. ಆ ಸಾವಂತ್ರವ್ವ ಯಾರು ಅಂತ ಊರಿಗೆಲ್ಲ ಗೊತ್ತದ.’

ಜೈಲಿನ ಜಮಾದಾರನಿಗೂ ಎದುರುತ್ತರ ಕೊಟ್ಟವಳು ನಾನು. ಅವತ್ತು ಬಾಯಿ ಬರಲಿಲ್ಲ ಅನಂತಾ. ಅವರು ನನ್ನನ್ನು ಹೊಡೆದದ್ದು ನೀನು ಕೊಟ್ಟ ಬಡಿಗೆಯಿಂದ.

ಅದಕ್ಕೇ ಇವತ್ತು ನಿನ್ನ ಕೊನೆಯ ಭಾಗದ ಬಗ್ಗೆ ಬರೆಯುತ್ತೇನೆ. ನೀನು ಆ ರಾತ್ರಿ ಗದ್ದಲ ಕೇಳಿ ಹಿಂಬಾಗಿಲಿನಿಂದ ಹೋದೆ. ಜನ ಕೃತಘ್ನರು, ಅವರಿಗೆ ಏನು ಕೊಟ್ಟರೂ ಬೈಯುತ್ತಾರೆ ಎಂದುಕೊಂಡಿರಬೇಕು. ಹಾಗಲ್ಲ. ನಾನು ಹೆಂಗಸರ ಕಡೆ ನೆಲದ ಮೇಲೆ ಕೂತು ಎಲ್ಲ ಕೇಳಿದ್ದೇನೆ, ಆಮೇಲೆ ಒಂದು ತಿಂಗಳು ಪೇಟೆಯಲ್ಲೂ ಕೇಳಿದ್ದೇನೆ.

ಬಹಳ ದಿನ ಓಡಿದ ಕಥೆಗೆ ಎಲ್ಲರೂ ಒಪ್ಪುವ ಕೊನೆ ಇಲ್ಲ, ಇದನ್ನು ನಾನು ಮೊದಲೇ ಒಪ್ಪಿಕೊಳ್ಳುತ್ತೇನೆ. ಒಂದು ರಾತ್ರಿಯ ನಾಟಕಕ್ಕೆ ಮಂದಿ ಬಂದು ನೋಡಿ ಹೋಗುತ್ತಾರೆ. ನಿನ್ನ ‘ಸೇದುಬಾವಿ’ ವಾರಕ್ಕೊಂದು ಭಾಗ. ಶನಿವಾರದಿಂದ ಶನಿವಾರದವರೆಗೆ ಜನ ಅದನ್ನು ಮನೆಯಲ್ಲಿ ಆಡಿದರು. ಮಗ್ಗದ ಕುಳಿಯಲ್ಲಿ ಆಡಿದರು, ಅರಳೆ ಪೇಟೆಯಲ್ಲಿ ಆಡಿದರು. ಪ್ರತಿಯೊಬ್ಬನ ತಲೆಯಲ್ಲೂ ಅವನದೇ ಒಂದು ಕೊನೆ ಸಿದ್ಧವಾಯಿತು. ನೀನು ಯಾವುದನ್ನು ಆಡಿದರೂ ಉಳಿದವರಿಗೆ ತಮ್ಮದನ್ನು ಕಸಿದಂತೆ. ಅಷ್ಟು ಬೈಗುಳ ಯಾರಿಗೂ ತಪ್ಪದು. ಶಿರಹಟ್ಟಿಯಲ್ಲಿ ಹಿಂದೊಂದು ಕಂಪನಿಯವರು ನಾಯಕ ಬಾಗಿಲು ತೆರೆಯುವಷ್ಟರಲ್ಲಿ ಪರದೆ ಬಿಟ್ಟರಲ್ಲ, ಜನ ಗ್ಯಾಸಬತ್ತಿ ಕೆಟ್ಟಿತೆಂದು ಸುಮ್ಮನೆ ಕೂತರು, ಮುಗಿಯಿತೆಂದು ಗೊತ್ತಾದ ಮೇಲೆ ಕಲ್ಲು ತೂರಿದರು. ಆದರೆ ಈಗಲೂ ಆ ಬಾಗಿಲಿನಾಚೆ ಯಾರಿದ್ದರೆಂದು ವಾದಿಸುವವರಿದ್ದಾರೆ, ಅದೇ ಚಂದ ಅನ್ನುವವರೂ ಇದ್ದಾರೆ. ಲಕ್ಷ್ಮೇಶ್ವರದಲ್ಲಿ ಇನ್ನೊಬ್ಬರು ಇಡೀ ಕಥೆಯೇ ಕನಸು ಅಂದುಬಿಟ್ಟರು. ಅದನ್ನು ಮಾತ್ರ ಯಾರೂ ಕ್ಷಮಿಸಲಿಲ್ಲ. ತಾವು ಅತ್ತದ್ದನ್ನು ಸುಳ್ಳು ಅನ್ನಿಸಿಕೊಳ್ಳಲು ಯಾರು ಬರುತ್ತಾರೆ?

ನಿನ್ನದು ಇವೆರಡೂ ಅಲ್ಲ. ನಿನ್ನಲ್ಲಿ ಮೊದಲ ತಪ್ಪು ಅವಸರ. ಕಂಪನಿಯ ಮಾಲಕ ವಿರೂಪಾಕ್ಷಪ್ಪನವರಿಗೆ ನವೆಂಬರ್ ಒಂದರ ರಾತ್ರಿಯೇ ಕೊನೆ, ಬಾವುಟ, ದೀಪ, ತಾಯಿ ಭುವನೇಶ್ವರಿಯ ದೃಶ್ಯ ಬೇಕಾಗಿತ್ತು. ಯುಗಾದಿಯ ತನಕ ನಡೆಯಬೇಕಾದ ಕಥೆಯನ್ನು ನೀನು ಎರಡು ಭಾಗಕ್ಕೆ ತುರುಕಿದೆ. ಎರಡು ವರ್ಷ ಒಂದು ಹಗ್ಗ ಬಾವಿಗಿಳಿಯುವುದನ್ನು ನೋಡಿದ ಮಂದಿಗೆ, ಸಾವಂತ್ರವ್ವನನ್ನು ಕಾಡುತ್ತ ಬಂದ ಗೌಡನ ಮನಸ್ಸು ಒಂದು ಹಾಡಿನಲ್ಲಿ ತಿರುಗುವುದನ್ನು ತೋರಿಸಿದೆ. ‘ಮುಂಜಾನಿ ರಾಕ್ಷಸ, ಸಂಜೀಕ ಶರಣ! ಇವಗ ನಡುವ ಯಾರು ಏನು ಕುಡಿಸಿದರು?’ ಅಂತ ನನ್ನ ಪಕ್ಕದಲ್ಲೇ ಒಬ್ಬಾಕೆ ಕೂಗಿದಳು. ಕೋರ್ಟಿಗೆಂದು ಧಾರವಾಡಕ್ಕೆ ಹೋದ ಬಸಲಿಂಗಿ ತಿರುಗಿ ಬರಲೇ ಇಲ್ಲ. ಆ ಹೆಣ್ಣುಪಾತ್ರ ಮಾಡುತ್ತಿದ್ದವನು ಬೇರೆ ಕಂಪನಿ ಸೇರಿದ ಎಂಬುದು ನಮಗೆ ಗೊತ್ತು. ನೋಡುವವರಿಗೆ ಏನು ಗೊತ್ತು? ಇಂದಿಗೂ ಹುಡುಗಿಯರು ಶಾಲೆಯಲ್ಲಿ ಕೇಳುತ್ತಾರೆ, ‘ಬಾಯೀ, ಬಸಲಿಂಗಿ ಎಲ್ಲಿ ಹೋದಳ್ರಿ?’

ಎರಡನೆಯದು ಹಟ. ಬಾವಿಗೆ ವಿಷ ಹಾಕಿದವನು ಸಾವಂತ್ರವ್ವನ ಸ್ವಂತ ಅಣ್ಣ. ನೀನೇ ಮೊದಲಿನಿಂದ ಹಾಗೆ ಹೊಲಿಗೆ ಹಾಕುತ್ತ ಬಂದಿದ್ದೆ. ಆ ದಿನ ಅವನೊಬ್ಬನೇ ನೀರು ಕುಡಿಯಲಿಲ್ಲ, ಮಗು ಸತ್ತಾಗ ಅವನೊಬ್ಬನೇ ಕಾರಣ ಕೇಳಲಿಲ್ಲ. ಶ್ರದ್ಧೆಯಿಂದ ನೋಡಿದವರು ಕಂಡುಹಿಡಿದರು. ಅಡತಿ ವ್ಯಾಪಾರದ ಅಂದಪ್ಪ ಚಹದಂಗಡಿಯಲ್ಲಿ ‘ಅಣ್ಣನ ಮಾಡ್ಯಾನಲೇ, ಬೇಕಾರ ಬರಕೊಡ್ತೀನಿ’ ಅಂದದ್ದು ನಿನ್ನ ಕಿವಿಗೆ ಬಿತ್ತು. ಅವತ್ತು ನೀನು ಊಟ ಬಿಟ್ಟೆ. ‘ಅಕ್ಕಾ, ಗೊತ್ತಾಗಿಬಿಟ್ಟದ ಅವರಿಗೆ’ ಅಂದೆ. ‘ಗೊತ್ತಾಗಲೆಂತನ ಅಲ್ಲೇನೋ ನೀ ಬರದದ್ದು?’ ಅಂದೆ ನಾನು. ನೀನು ಕೇಳಲಿಲ್ಲ. ಯಾರೂ ಊಹಿಸದ ಕೊನೆ ಬೇಕೆಂದು, ಅದುವರೆಗೆ ರಂಗದ ಮೇಲೆ ಹೆಜ್ಜೆಯಿಡದ ಒಬ್ಬ ಸನ್ಯಾಸಿಯ ಕೈಗೆ ವಿಷ ಕೊಟ್ಟೆ. ಜನ ಬೆರಗಾದರು, ನಿಜ. ಬೆರಗು ಒಂದು ಗಳಿಗೆ. ಆಮೇಲೆ, ಎರಡು ವರ್ಷ ಗಮನವಿಟ್ಟು ನೋಡಿದ್ದಕ್ಕೆ ನಮಗೆ ಶಿಕ್ಷೆ ಕೊಟ್ಟ ಎಂದು ಸಿಟ್ಟಾದರು. ಊಹೆ ನಿಜವಾಗಿದ್ದರೆ ಅಂದಪ್ಪ ಮೀಸೆ ತಿರುವಿ ಊರೆಲ್ಲ ನಿನ್ನ ಹೊಗಳುತ್ತಿದ್ದ. ಈಗ ಅವನೇ ನಿನ್ನ ಹೆಸರು ಕೇಳಿದರೆ ಉಗುಳುತ್ತಾನೆ.

ಇವೆರಡನ್ನೂ ಜನ ಮರೆತಾರು. ಮೂರನೆಯದನ್ನು ಮರೆಯುವುದಿಲ್ಲ. ಸಾವಂತ್ರವ್ವ ಕಾಲಿಗೆ ಬಿದ್ದಾಗ ಚಪ್ಪಾಳೆ ಹೊಡೆದವರು ಸುಳ್ಳಲ್ಲ. ಮುಂದಿನ ಕುರ್ಚಿಯವರು ಎದ್ದು ನಿಂತರು. ಅವರಲ್ಲಿ ಬಹಳ ಮಂದಿ ಅದೊಂದೇ ರಾತ್ರಿ ಬಂದವರು. ಬೆಳಕು ಕಂಡರು, ಒಡೆದ ಮನೆ ಒಂದಾದದ್ದು ಕಂಡರು, ನಾಡೂ ಒಂದಾಯಿತು, ಅತ್ತರು. ವಿಧವೆ ಮನೆ ಸೇರಿದಳಲ್ಲ ಎಂದು ಹಿಗ್ಗಿದ ಆಚಾರವಂತರೂ ಇದ್ದರು. ಆದರೆ ಅವರ ಜೊತೆ ಮುದುಕ ಕೊಟ್ರಪ್ಪನೂ ಅತ್ತ. ಆತ ಒಂದು ವಾರ ತಪ್ಪಿಸಿದವನಲ್ಲ. ‘ಭಾಳ ದಣದಿತ್ತವ್ವ ಆ ಜೀವ, ಎಲ್ಲ್ಯಾರ ಒಂದು ಕಡೆ ಕುಂಡ್ರಲಿ’ ಅಂದ. ಅವನ ಕಣ್ಣೀರನ್ನು ನಾನು ತಪ್ಪೆನ್ನಲಾರೆ. ಆದರೆ ಅಸುಂಡಿಯಿಂದ ಗಾಡಿ ಕಟ್ಟಿಕೊಂಡು ಬರುತ್ತಿದ್ದ ಕಸ್ತೂರೆವ್ವ ಇದ್ದಳಲ್ಲ, ಆಕೆ ಎದ್ದು ಸೆರಗು ಬಿಗಿದು ರಂಗದ ಕಡೆ ಕೈಮಾಡಿ, ‘ಆಕಿ ಅಂಥಾಕಿ ಅಲ್ಲ! ಸಾವಂತ್ರವ್ವ ಹಂಗ ಮಾಡಾಕಿ ಅಲ್ಲ! ಇದು ಯಾರು ಮಾಡಿಸ್ಯಾರ ಹೇಳ್ರಿ!’ ಎಂದಳು. ಹೆಂಗಸರ ಕಡೆಯೆಲ್ಲ ಎದ್ದಿತು. ಗದ್ದಲ ಶುರುವಾದದ್ದು ಅಲ್ಲಿಂದ.

ಅವರು ದುಃಖದ ಕೊನೆಗೆ ಸಿಟ್ಟಾಗಲಿಲ್ಲ, ಇದನ್ನು ತಿಳಿದುಕೋ. ಅವಳನ್ನು ಬಾವಿಗೆ ನೂಕಿ ಕೊಂದಿದ್ದರೂ ಎದೆ ಬಡಿದುಕೊಂಡು ಒಪ್ಪುತ್ತಿದ್ದರು. ಅವಳೇ ಸ್ವಲ್ಪ ಸ್ವಲ್ಪವಾಗಿ ಸೋತು ಮನೆಗೆ ಹೋಗಿದ್ದರೂ ಒಪ್ಪುತ್ತಿದ್ದರು. ಸೋಲುವುದನ್ನು ನೀನು ತೋರಿಸಲಿಲ್ಲ, ಸೋತವಳನ್ನು ತಂದು ನಿಲ್ಲಿಸಿದೆ. ಕಾರಣ ನನಗೆ ಗೊತ್ತು. ನಾಟಕ ಶುರುವಾಗುವ ಮೊದಲೇ ನೀನು ಆ ಕೊನೆಯ ದೃಶ್ಯ ಬರೆದಿಟ್ಟಿದ್ದೆ. ಆಗ ಸಾವಂತ್ರವ್ವ ಬರೀ ಅಳುವ ಹೆಂಗಸು. ಆಮೇಲೆ ಬೀಬಿಜಾನ ಆ ಪಾತ್ರಕ್ಕೆ ಬಂದಳು, ಜನ ಬಂದರು, ವಾರವಾರಕ್ಕೆ ಅವಳ ದನಿ ಗಟ್ಟಿಯಾಯಿತು. ಅವಳು ರಾತ್ರಿಶಾಲೆ ತೆರೆದಳು, ಬಾವಿಯ ಹಗ್ಗ ಎಲ್ಲರ ಕೈಗೆ ಕೊಟ್ಟಳು. ನಿನ್ನ ಕೊನೆಗಿಂತ ಅವಳು ಎತ್ತರ ಬೆಳೆದಳು. ನೀನು ಕೊನೆಯನ್ನು ತಿದ್ದಲಿಲ್ಲ, ಅವಳನ್ನು ಬಗ್ಗಿಸಿದೆ. ಬೀಬಿಜಾನ ಅವತ್ತು ಬಣ್ಣ ಒರೆಸದೆ ನನ್ನ ಹತ್ತಿರ ಬಂದು ‘ಅಕ್ಕಾರ, ಮೊಣಕಾಲು ಬಗ್ಗವಲ್ಲವಾಗಿದ್ದವ್ರಿ’ ಅಂದಳು. ಹೌದು, ಅವಳ ದೇಹಕ್ಕೆ ಗೊತ್ತಿತ್ತು.

ಕಂಪನಿ ಈಗ ಮುಂಡರಗಿಯಲ್ಲಿ ಬಿಡಾರ ಹೂಡಿದೆ. ಹಮ್ಮಿಗಿಯಿಂದ, ಹೊಳೆಯ ಆಚೆಯಿಂದ ಜನ ಬರುತ್ತಿದ್ದಾರೆ. ಟಿಕೀಟು ಕೊಳ್ಳುವ ಮೊದಲೇ ‘ಕಡೀ ಭಾಗ ಗದಗಿನದ ಏನು?’ ಎಂದು ಕೇಳುತ್ತಾರಂತೆ. ಬೇರೆ ಬರೆದರೆ ಆಡುತ್ತೇನೆಂದು ವಿರೂಪಾಕ್ಷಪ್ಪನವರು ಹೇಳಿಕಳಿಸಿದ್ದಾರೆ. ‘ನೀವ ಬರದು ಕೊಡ್ರಿ ಬಾಯಾರ’ ಎಂದು ನನ್ನನ್ನೂ ಕೇಳಿದರು. ನಾನು ಬರೆಯುವುದಿಲ್ಲ. ನಾನು ಬರೆದರೆ ಅದು ಭಾಷಣವಾಗುತ್ತದೆ, ಮಂದಿ ಎದ್ದುಹೋಗುತ್ತಾರೆ. ಅದು ನಿನ್ನ ಕೈಯಿಂದಲೇ ಆಗಬೇಕು.

ಕೋಪದಲ್ಲಿ ಬಹಳ ಬರೆದೆ. ನೀನು ಚೆನ್ನಾಗಿರಬೇಕು, ನಿನ್ನ ಕೈ ಬತ್ತಬಾರದು, ನಿನ್ನ ಉಸಿರು ಹಗುರಾಗಬೇಕು. ಗೋಪಾಲನಿಗೂ ಅವನ ಮಕ್ಕಳಿಗೂ ನನ್ನ ಹರಕೆ. ಎಣ್ಣೆ ಮರೆಯಬೇಡ.

ನಿನ್ನ ಅಕ್ಕ,
ಜಾನಕಿ

ಅನಂತಾ, ಲಕೋಟೆ ಅಂಟಿಸಿ ಮತ್ತೆ ಬಿಚ್ಚಿದೆ. ಮುಂದಿನ ಭಾನುವಾರ ಮಾರ್ತಾಂಡರಾಯರು ಊರ ನಾಲ್ವರು ಹಿರಿಯರನ್ನು ಕರೆದುಕೊಂಡು ಬರುತ್ತಾರೆ. ನಾನು ಹೋಗುವುದಿಲ್ಲ, ಸಹಿಯನ್ನೂ ಹಾಕುವುದಿಲ್ಲ, ಅದು ಗಟ್ಟಿ. ಆದರೆ ಅವರು ನಿನ್ನ ಹೆಸರು ಎತ್ತಿದಾಗ ನನ್ನ ಬಾಯಿ ಮತ್ತೆ ಕಟ್ಟುತ್ತದೆಂದು ಭಯವಾಗಿದೆ. ನಾಟಕ ಆಮೇಲೆ ಬರಿ, ಬರೆಯದಿದ್ದರೂ ಆದೀತು. ಹೋಟಗಿಯಲ್ಲಿ ಬಿಜಾಪುರದ ಗಾಡಿ ಹತ್ತಿದರೆ ಶನಿವಾರ ಇಲ್ಲಿಗೆ ಮುಟ್ಟುತ್ತೀ. ಏನೂ ಮಾತಾಡಬೇಡ. ಅವರು ಒಳಗೆ ಬಂದಾಗ ನನ್ನ ಪಕ್ಕದಲ್ಲಿ ಕೂತಿರು, ಅಷ್ಟೇ. ಬಾರೋ.