ಸೀದ ಹಾಲಿನ ವಾಸನೆ

ಮಾರ್ಚ್ ೧೨, ಬುಧವಾರ

ನನ್ನ ಜಾಣತನಕ್ಕಿಷ್ಟು ಬೆಂಕಿ ಹಾಕ. ನಾನು ತಿದ್ದುತ್ತಿರುವ ಕಾದಂಬರಿಯನ್ನು ಬರೆದ ಅಜ್ಜಿ ಇವತ್ತು ಪ್ರಕಾಶನದ ಕಚೇರಿಗೆ ಬಂದಿದ್ದರು. ದೇಶ ಒಡೆದಾಗ ಮನೆ ಬಿಟ್ಟು ಓಡಿದ ಅವರದೇ ಕಥೆ. ಒಲೆಯ ಮೇಲೆ ಬಿಟ್ಟುಬಂದ ಹಾಲು ಉಕ್ಕಿ ಸೀಯುವುದು ಅದರಲ್ಲಿ ನಾಲ್ಕು ಸಲ ಬರುತ್ತದೆ, ಪ್ರತಿ ಸಲವೂ ಈಗಲೇ ನಡೆಯುತ್ತಿರುವಂತೆ. ಬರೆದದ್ದನ್ನೇ ಬರೆದಿದ್ದಾರೆಂದು ಮೂರನ್ನು ಕತ್ತರಿಸಿ, ಉಳಿದದ್ದನ್ನು ತಾರೀಖಿನ ಪ್ರಕಾರ ಜೋಡಿಸಿಟ್ಟಿದ್ದೆ.

"ನಾನೇನು ಅದನ್ನ ನೆನಪು ಮಾಡ್ಕೊಳ್ತೀನಾ? ಸುಮ್ನೆ ಕೂತಿದ್ರೂ ವಾಸನೆ ಬಂದ್ಬಿಡುತ್ತೆ. ಆಗ ನಾನು ಅಲ್ಲೇ ಇರ್ತೀನಿ," ಎಂದರು ಅಜ್ಜಿ, ತಿದ್ದಿದ ಪುಟಗಳನ್ನು ನೋಡಿ.

ಮೂರನ್ನೂ ಇದ್ದಲ್ಲಿಗೇ ಸೇರಿಸಿದೆ. ಅಷ್ಟಕ್ಕೇ ಬಾಯಿ ಮುಚ್ಚಿಕೊಂಡಿದ್ದರೆ ಆಗುತ್ತಿತ್ತು. ಹಾಗೆ ಓಡಿಬರುವಾಗ ಅವರ ಅಕ್ಕ ಕಳೆದುಹೋದರಂತೆ; ಆ ದಿನ ಮಾತ್ರ ಕಾದಂಬರಿಯಲ್ಲಿ ಎಲ್ಲೂ ಇಲ್ಲ. 'ಆ ಆಘಾತಕ್ಕೆ ಮಾತೇ ಸಿಗಲಿಲ್ಲ' ಎಂದು ಮುನ್ನುಡಿಯಲ್ಲಿ ಬರೆದಿದ್ದೆ. ಅದನ್ನು ಹೆಮ್ಮೆಯಿಂದ ಓದಿ ಹೇಳಿದೆ.

"ಎಲ್ಲಾ ನೆನಪಿದೆಯಮ್ಮ. ಅದು ನಮ್ಮಕ್ಕಂದು. ಪುಸ್ತಕಕ್ಕೆ ಕೊಡಲ್ಲ, ಅಷ್ಟೆ."

ಆಘಾತ ಮತ್ತೆ ಮತ್ತೆ ಮರುಕಳಿಸುತ್ತದೆ, ಮಾತಿಗೆ ಮಾತ್ರ ಸಿಗುವುದಿಲ್ಲ ಎಂದು ನಾನು ಓದಿದ ಸಿದ್ಧಾಂತ ಹಾಲಿನವರೆಗೆ ಬಂತು, ಅಕ್ಕನ ಹತ್ತಿರ ನಿಂತುಬಿಟ್ಟಿತು. ಆ ಸಾಲು ಹೊಡೆದುಹಾಕಿದೆ.

ಹೊರಡುವಾಗ ನನ್ನ ಕೈ ಹಿಡಿದು, "ಯಾರಿಗೂ ಹೇಳ್ದೇ ಇರೋದು ನಿನ್ನ ಹತ್ರಾನೂ ಏನಾದ್ರೂ ಇರುತ್ತಲ್ಲ?" ಎಂದರು.

ಇದೆ. ಆದರೆ ನಾನದನ್ನು ಬಚ್ಚಿಟ್ಟಿಲ್ಲ. ಇಷ್ಟು ವರ್ಷ ಯಾರೂ ಕೇಳಲಿಲ್ಲ, ಅಷ್ಟೆ.